ನಿಮಿರುವಿಕೆಗೆ ವ್ಯಾಕ್ಯೂಮ್ ಪಂಪ್: ಪಂಪಿನ ಮಿತಿ ಬೇರೆ, ರಿಂಗಿನ ಮಿತಿ ಬೇರೆ

ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿದರೆ ಎರಡು ದಿನಕ್ಕೆ ಮನೆಗೆ ಬರುವ ವಸ್ತುಗಳ ಪಟ್ಟಿಗೆ ಈಗ ಪುರುಷರ ವ್ಯಾಕ್ಯೂಮ್ ಪಂಪೂ ಸೇರಿದೆ. ಹೆಸರು ಬರೆಯದ ಕಂದು ಪೆಟ್ಟಿಗೆಯಲ್ಲಿ ಒಂದು ಪಾರದರ್ಶಕ ಕೊಳವೆ, ಒಂದು ಪಂಪು, ಮೂರು ನಾಲ್ಕು ರಬ್ಬರ್ ಉಂಗುರಗಳು ಇರುತ್ತವೆ. ಜೊತೆಗಿನ ಚೀಟಿಯನ್ನು ಭೂತಗನ್ನಡಿ ಹಿಡಿದು ಓದಬೇಕು, ಓದಿದರೂ ಕನ್ನಡದಲ್ಲಿ ಇರುವುದಿಲ್ಲ. ಬೆಂಗಳೂರಿನ ಮೂತ್ರರೋಗ ತಜ್ಞರು ಸಕ್ಕರೆ ಕಾಯಿಲೆಯವರಿಗೆ, ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆ ಆದವರಿಗೆ, ನಿಮಿರುವಿಕೆಯ ಮಾತ್ರೆ ತೆಗೆದುಕೊಳ್ಳಲಾಗದ ಹೃದ್ರೋಗಿಗಳಿಗೆ ಸೂಚಿಸುವುದೂ ಇದೇ ಸಾಧನವನ್ನೇ. ವೈದ್ಯರ ಮೂಲಕ ಬಂದರೆ ಬಳಸುವ ಕ್ರಮವೂ ಜೊತೆಯಲ್ಲಿ ಬರುತ್ತದೆ. ಪೆಟ್ಟಿಗೆಯಲ್ಲಿ ಬಂದರೆ ಸಾಧನ ಮಾತ್ರ ಬರುತ್ತದೆ.

ಅಪಾಯ ಎರಡು ಕಡೆಯಿಂದ ಬರುತ್ತದೆ. ಚರ್ಮ ನೀಲಿಗಟ್ಟುವುದು ಪಂಪಿನಿಂದ, ಅಂದರೆ ಹೆಚ್ಚು ಮತ್ತು ಅವಸರದ ಎಳೆತದಿಂದ. ಒಳಗಿನ ಅಂಗಾಂಶ ಉಸಿರುಗಟ್ಟುವುದು ರಿಂಗಿನಿಂದ, ಅಂದರೆ ಹೆಚ್ಚು ಹೊತ್ತು ಬಿಟ್ಟದ್ದರಿಂದ. ಬಹಳ ಮಂದಿ ಇವೆರಡನ್ನೂ ಒಂದೇ ಎಂದುಕೊಂಡಿರುತ್ತಾರೆ. ಮೊದಲನೆಯದು ಕಣ್ಣಿಗೆ ಕಾಣುವುದರಿಂದ ಅದಕ್ಕೆ ಹೆದರುತ್ತಾರೆ, ಎರಡನೆಯದು ಕಾಣದಿರುವುದರಿಂದ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಿಜವಾಗಿ ಹೆದರಬೇಕಾದದ್ದು ಎರಡನೆಯದಕ್ಕೆ.

ಒಳಗೆ ನಡೆಯುವುದೇನು

ಶಿಶ್ನದ ಒಳಗೆ ಉದ್ದಕ್ಕೂ ಎರಡು ಕೊಳವೆಯಾಕಾರದ ಅಂಗಾಂಶಗಳಿವೆ. ಇವುಗಳ ತುಂಬ ಸಣ್ಣ ಸಣ್ಣ ರಂಧ್ರಗಳು. ಸಹಜವಾಗಿ ಉದ್ರೇಕವಾದಾಗ ನರಗಳ ಸಂದೇಶದಿಂದ ಅಪಧಮನಿಗಳು ಹಿಗ್ಗುತ್ತವೆ, ಹೃದಯದಿಂದ ಬಂದ ಆಮ್ಲಜನಕಯುಕ್ತ ರಕ್ತ ಆ ರಂಧ್ರಗಳಲ್ಲಿ ತುಂಬಿಕೊಳ್ಳುತ್ತದೆ. ತುಂಬಿ ಉಬ್ಬಿದ ಅಂಗಾಂಶವು ರಕ್ತ ಹೊರಹೋಗುವ ಸಿರೆಗಳನ್ನು ತಾನೇ ಒತ್ತಿ ಹಿಡಿಯುತ್ತದೆ. ಹೀಗೆ ಒಳಹರಿವು ಹೆಚ್ಚಿ ಹೊರಹರಿವು ಕಡಿಮೆಯಾಗಿ ಗಡಸುತನ ಬರುತ್ತದೆ.

ಸಕ್ಕರೆ ಕಾಯಿಲೆಯಲ್ಲಿ ನರಗಳೂ ಸಣ್ಣ ರಕ್ತನಾಳಗಳೂ ಹಾಳಾಗುತ್ತವೆ. ಪ್ರಾಸ್ಟೇಟ್ ಗ್ರಂಥಿಯನ್ನು ತೆಗೆಯುವಾಗ ಅದರ ಪಕ್ಕದಲ್ಲೇ ಸಾಗುವ ನರಗಳಿಗೆ ಪೆಟ್ಟು ಬೀಳಬಹುದು. ಆಗ ಸಂದೇಶವೇ ತಲುಪುವುದಿಲ್ಲ, ಅಥವಾ ತಲುಪಿದರೂ ನಾಳ ಹಿಗ್ಗುವುದಿಲ್ಲ. ವ್ಯಾಕ್ಯೂಮ್ ಪಂಪ್ ಈ ನರ, ನಾಳಗಳ ಗೊಡವೆಗೇ ಹೋಗುವುದಿಲ್ಲ. ಕೊಳವೆಯೊಳಗಿನ ಗಾಳಿಯನ್ನು ಹೊರಗೆಳೆದರೆ ಅಲ್ಲಿ ಒತ್ತಡ ಇಳಿಯುತ್ತದೆ, ದೇಹದ ರಕ್ತ ಒತ್ತಡ ಕಡಿಮೆಯಿರುವ ಕಡೆಗೆ ನುಗ್ಗುತ್ತದೆ. ಅದನ್ನು ಅಲ್ಲೇ ಹಿಡಿದಿಡಲು ಬುಡಕ್ಕೆ ಒಂದು ಬಿಗಿ ಉಂಗುರ ಬೇಕು. ಅದೇ ರಿಂಗ್.

ಇದು ಸಹಜ ನಿಮಿರುವಿಕೆಯ ನಕಲೇ ಹೊರತು ಅದೇ ಅಲ್ಲ. ಹೀಗೆ ಸೇರಿದ ರಕ್ತದಲ್ಲಿ ಅಪಧಮನಿಯದರ ಜೊತೆಗೆ ಸಿರೆಗಳಿಂದ ಹಿಂದಕ್ಕೆ ಬಂದ ರಕ್ತವೂ ಇರುತ್ತದೆ. ಆದ್ದರಿಂದ ಬಣ್ಣ ತುಸು ನೀಲಿಯಾಗುತ್ತದೆ, ಮೇಲಿನ ಸಿರೆಗಳು ಎದ್ದು ಕಾಣುತ್ತವೆ, ಮುಟ್ಟಿದರೆ ಸ್ವಲ್ಪ ತಣ್ಣಗಿರುತ್ತದೆ. ರಿಂಗಿನ ಮುಂದಿನ ಭಾಗ ಮಾತ್ರ ಗಡಸಾಗಿ, ಅದರ ಹಿಂದಿನ, ದೇಹದೊಳಗಿನ ಭಾಗ ಮೆತ್ತಗೇ ಉಳಿಯುವುದರಿಂದ ಬುಡದಲ್ಲಿ ಅತ್ತಿತ್ತ ವಾಲುತ್ತದೆ. ಇದಾವುದೂ ಸಾಧನದ ದೋಷವಲ್ಲ. ಮೊದಲ ದಿನ ಇದನ್ನು ನೋಡಿ ಗಾಬರಿಯಾಗಿ ಪಂಪನ್ನು ಕಪಾಟಿಗೆ ಸೇರಿಸಿಬಿಡುವವರು ಇದ್ದಾರೆ.

ಪಂಪು ಹೊಸದೇನಲ್ಲ. ಓಟ್ಟೋ ಲೆಡರರ್ ಎಂಬಾತ 1917ರಲ್ಲೇ ಇಂಥ ಸಾಧನಕ್ಕೆ ಅಮೆರಿಕದ ಪೇಟೆಂಟ್ ಪಡೆದಿದ್ದ. ಅಮೆರಿಕದ ಜಾರ್ಜಿಯಾ ರಾಜ್ಯದ ಗೆಡಿಂಗ್ಸ್ ಆಸ್ಬನ್ ತನಗಾಗಿ ರೂಪಿಸಿಕೊಂಡ ಪಂಪಿಗೆ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯ ಒಪ್ಪಿಗೆ ಸಿಕ್ಕಿದ್ದು 1982ರಲ್ಲಿ. ನಿಮಿರುವಿಕೆಗೆ ನುಂಗುವ ಸಿಲ್ಡೆನಾಫಿಲ್ ಮಾತ್ರೆ ಬಂದದ್ದು ಅದಾದ 16 ವರ್ಷಗಳ ಮೇಲೆ.

ಯಾರು ಕೇಳದೆ ಮುಟ್ಟಬಾರದು

ರಕ್ತ ಬೇಗ ಹೆಪ್ಪುಗಟ್ಟದ ಕಾಯಿಲೆ ಇರುವವರು ಇದನ್ನು ಬಳಸಬಾರದು. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆಯವರೂ ಬಳಸಬಾರದು. ಚಾಮರಾಜನಗರ, ಮೈಸೂರು, ಕೊಡಗಿನ ಬುಡಕಟ್ಟು ಸಮುದಾಯಗಳಲ್ಲಿ ಈ ಕಾಯಿಲೆ ಇರುವುದರಿಂದ ಇದು ನಮಗೆ ದೂರದ ಮಾತಲ್ಲ. ರಿಂಗಿನಿಂದ ಆಮ್ಲಜನಕ ಇಳಿದಾಗ ಇವರ ರಕ್ತಕಣಗಳು ಬಾಗಿ ಒಂದಕ್ಕೊಂದು ಸಿಕ್ಕಿಕೊಂಡು, ನಿಮಿರುವಿಕೆ ಇಳಿಯದೇ ಉಳಿಯುವ ಅಪಾಯವಿದೆ. ಹಿಂದೆ ಎಂದಾದರೂ ಗಂಟೆಗಟ್ಟಲೆ ಇಳಿಯದ ನೋವಿನ ನಿಮಿರುವಿಕೆ ಆದವರಿಗೂ, ರಕ್ತದ ಕ್ಯಾನ್ಸರ್ ಇರುವವರಿಗೂ ಇದೇ ಮಾತು.

ವಾರ್ಫರಿನ್‌ನಂಥ ರಕ್ತ ತೆಳುಗೊಳಿಸುವ ಮಾತ್ರೆ ತೆಗೆದುಕೊಳ್ಳುವವರು, ಶಿಶ್ನ ಹೆಚ್ಚು ಬಾಗಿರುವವರು, ಬೆನ್ನುಹುರಿಯ ಪೆಟ್ಟಿನಿಂದ ಅಥವಾ ಹಳೆಯ ಸಕ್ಕರೆ ಕಾಯಿಲೆಯಿಂದ ಅಲ್ಲಿ ಸ್ಪರ್ಶಜ್ಞಾನ ಕಡಿಮೆಯಾದವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ನೋವು ನಮ್ಮ ಮೊದಲ ಎಚ್ಚರಿಕೆ ಗಂಟೆ. ಅದು ಕೇಳಿಸದವರಿಗೆ ಕಣ್ಣು ಮತ್ತು ಗಡಿಯಾರ ಮಾತ್ರವೇ ಗತಿ.

ಒಂದು ಉದಾಹರಣೆ: ಬಸವನಗುಡಿಯ ಮೇಷ್ಟರು

ಬಸವನಗುಡಿಯಲ್ಲಿ 61 ವರ್ಷದ ನಿವೃತ್ತ ಮೇಷ್ಟರೊಬ್ಬರು ಇದ್ದಾರೆಂದು ಊಹಿಸಿಕೊಳ್ಳಿ. ಹಲವು ವರ್ಷಗಳ ಸಕ್ಕರೆ ಕಾಯಿಲೆ, ಹೃದಯದಲ್ಲಿ ಒಂದು ಸ್ಟೆಂಟ್. ದಿನಕ್ಕೊಂದು ಆಸ್ಪಿರಿನ್ ನುಂಗುತ್ತಾರೆ, ಎದೆ ಹಿಡಿದಂತಾದಾಗ ನಾಲಿಗೆಯಡಿ ಇಟ್ಟುಕೊಳ್ಳಲು ನೈಟ್ರೇಟ್ ಮಾತ್ರೆ ಜೇಬಿನಲ್ಲಿರುತ್ತದೆ. ನೈಟ್ರೇಟ್ ಬಳಸುವವರು ಸಿಲ್ಡೆನಾಫಿಲ್ ಗುಂಪಿನ ಮಾತ್ರೆ ನುಂಗಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತಾಗಬಹುದು. ಹಾಗಾಗಿ ಮಾತ್ರೆಯ ದಾರಿ ಅವರಿಗೆ ಮುಚ್ಚಿದೆ. ಎರಡು ಮಹಡಿ ಹತ್ತಿದರೆ ಎದೆನೋವು, ಏದುಸಿರು ಬರುವುದಿಲ್ಲ ಎಂಬುದನ್ನು ಖಚಿತಪಡಿಸಿಕೊಂಡ ಹೃದಯ ತಜ್ಞರು ಸಂಭೋಗಕ್ಕೆ ಅಡ್ಡಿಯಿಲ್ಲ ಎಂದಿದ್ದಾರೆ. ಮೂತ್ರರೋಗ ತಜ್ಞರು ಪಂಪು ಬರೆದುಕೊಟ್ಟು, ಆಸ್ಪಿರಿನ್‌ನಿಂದಾಗಿ ಇವರಿಗೆ ಬೇಗ ನೀಲಿಗಟ್ಟುತ್ತದೆ ಎಂದು ಎಚ್ಚರಿಸಿದ್ದಾರೆ.

"ಹಾಗಾದರೆ ಪಂಪು ಮಾಡುವ ದಿನ ಆಸ್ಪಿರಿನ್ ಬಿಟ್ಟರಾಯಿತಲ್ಲ ಡಾಕ್ಟರೇ?" ಎಂದು ಮೇಷ್ಟರು ಕೇಳುತ್ತಾರೆ.

"ಅದನ್ನು ಬಿಟ್ಟರೆ ನಿಮ್ಮ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟೀತು ಸರ್. ಬಿಡುವುದಾದರೆ ಪಂಪನ್ನು ಬಿಡಿ, ಮಾತ್ರೆಯನ್ನಲ್ಲ."

ಪೆಟ್ಟಿಗೆ ತೆರೆದ ಮೇಲೆ ನೋಡಬೇಕಾದದ್ದು

ಒಳ್ಳೆಯ ಸಾಧನದಲ್ಲಿ ಎರಡು ಅಂಶ ಇರಲೇಬೇಕು. ಒಂದು, ಎಳೆತ ಮಿತಿ ಮೀರದಂತೆ ತಡೆಯುವ ಏರ್ಪಾಡು. ಇನ್ನೊಂದು, ಬೆರಳಿನಿಂದ ಒತ್ತಿದ ಕೂಡಲೇ ಗಾಳಿ ಒಳಬಿಡುವ ವಾಲ್ವ್. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಆ ಪಂಪು ಎಷ್ಟೇ ಅಗ್ಗವಾಗಿದ್ದರೂ ಬೇಡ.

ಎಳೆತವನ್ನು ಅಳೆಯುವುದು ಬಿಪಿ ಅಳೆಯುವ ಮಾನದಲ್ಲೇ, ಅಂದರೆ ಮಿಲಿಮೀಟರ್ ಪಾದರಸದಲ್ಲಿ. ಸಾಮಾನ್ಯವಾಗಿ 100ರಿಂದ 225ರ ನಡುವೆ ಕೆಲಸ ಆಗುತ್ತದೆ. 225 ದಾಟಿದ ಮೇಲೆ ಗಡಸುತನಕ್ಕಿಂತ ಗಾಯವೇ ಹೆಚ್ಚು. ಗೊಂದಲ ಆಗುವುದು ಮೀಟರಿನ ಮುಖ ನೋಡಿದಾಗ. ಕೆಲವು ಮೀಟರುಗಳು ಅಂಗುಲ ಪಾದರಸದಲ್ಲಿ ತೋರಿಸುತ್ತವೆ. ಅದರಲ್ಲಿ 4 ಎಂದರೆ ಸುಮಾರು 100, 9 ಎಂದರೆ ಸುಮಾರು 225. ಇನ್ನು ಕೆಲವು ಕಿಲೋಪಾಸ್ಕಲ್‌ನಲ್ಲಿ ತೋರಿಸುತ್ತವೆ, ಅಲ್ಲಿ ಇದೇ ವ್ಯಾಪ್ತಿ 13ರಿಂದ 30. ಮಾನ ಯಾವುದೆಂದು ನೋಡದೆ "ಇನ್ನೂ ಬರೀ 12 ಆಗಿದೆ" ಎಂದು ಪಂಪು ಒತ್ತುತ್ತಲೇ ಹೋದರೆ, ಆ 12 ಅಂಗುಲದ್ದಾಗಿದ್ದ ಪಕ್ಷದಲ್ಲಿ ಎಳೆತ ಆಗಲೇ 300 ದಾಟಿರುತ್ತದೆ.

ರಿಂಗುಗಳು ಹಲವು ಅಳತೆಯಲ್ಲಿ ಬರುತ್ತವೆ. ಹಿಡಿದು ಎಳೆಯಲು ಎರಡೂ ಬದಿಗೆ ಕಿವಿಯಂಥ ಹಿಡಿಕೆ ಇರುವ ಮೆತ್ತನೆಯ ರಿಂಗನ್ನೇ ಬಳಸಬೇಕು. ಆರಂಭಿಸುವುದು ದೊಡ್ಡ ಅಳತೆಯಿಂದ. ನಿಮಿರುವಿಕೆ ನಿಲ್ಲದಿದ್ದರೆ ಮಾತ್ರ ಒಂದು ಅಳತೆ ಕೆಳಗೆ. ಚಿಕ್ಕದರಿಂದ ಶುರು ಮಾಡಿ ನೋವಾದ ಮೇಲೆ ದೊಡ್ಡದಕ್ಕೆ ಹೋಗುವುದು ಉಲ್ಟಾ ಕ್ರಮ. ಲೋಹದ ಬಳೆ, ನಟ್ಟು, ಕೂದಲಿಗೆ ಹಾಕುವ ರಬ್ಬರ್, ಹಗ್ಗ, ದಾರ ಇವುಗಳನ್ನು ಯಾವ ಕಾರಣಕ್ಕೂ ಹಾಕಬಾರದು. ಊದಿಕೊಂಡ ಮೇಲೆ ಇವನ್ನು ತೆಗೆಯಲು ಬರುವುದಿಲ್ಲ, ಲೋಹವಾದರೆ ಆಸ್ಪತ್ರೆಯಲ್ಲಿ ಕತ್ತರಿಸಬೇಕಾಗುತ್ತದೆ.

ಮೊದಲು ರಿಂಗಿಲ್ಲದ ಅಭ್ಯಾಸ

ಮೇಷ್ಟರಿಗೆ ವೈದ್ಯರು ಹೇಳಿದ್ದು, ಮೊದಲ ಕೆಲವು ದಿನ ರಿಂಗಿನ ತಂಟೆಗೇ ಹೋಗಬೇಡಿ, ಪಂಪು ಕೈಗೆ ಒಗ್ಗಲಿ ಎಂದು. ಬುಡದ ಕೂದಲನ್ನು ಕತ್ತರಿಯಿಂದ ಮೊಟಕು ಮಾಡಿಕೊಳ್ಳಬೇಕು. ಬೋಳಿಸುವುದು ಬೇಡ, ಸಣ್ಣ ಗಾಯವಾದರೂ ಸಕ್ಕರೆ ಕಾಯಿಲೆಯವರಿಗೆ ಸೋಂಕಿನ ಭಯ. ಕೊಳವೆಯ ಬಾಯಿಗೂ ಶಿಶ್ನಕ್ಕೂ ನೀರಿನಲ್ಲಿ ಕರಗುವ ಜಾರುಜೆಲ್ ಹಚ್ಚಬೇಕು. ನಮ್ಮ ಮನೆಗಳಲ್ಲಿ ಕೈಗೆ ಮೊದಲು ಸಿಗುವುದು ಕೊಬ್ಬರಿ ಎಣ್ಣೆ. ಅದು ಲ್ಯಾಟೆಕ್ಸ್ ಕಾಂಡೋಮನ್ನು ದುರ್ಬಲಗೊಳಿಸುತ್ತದೆ, ಕೆಲವು ಬಗೆಯ ರಬ್ಬರನ್ನೂ ಹಾಳುಮಾಡುತ್ತದೆ. ಆದ್ದರಿಂದ ಬೇಡ.

ನಿಂತುಕೊಂಡು ಮಾಡುವುದು ಸುಲಭ. ಕೊಳವೆಯೊಳಗೆ ಶಿಶ್ನವನ್ನು ಇಳಿಸಿ, ಬಾಯಿಯ ಅಂಚನ್ನು ದೇಹಕ್ಕೆ ಸುತ್ತಲೂ ಸಮನಾಗಿ ಒತ್ತಿ ಹಿಡಿಯಬೇಕು. ಇನ್ನೊಂದು ಕೈಯಿಂದ ವೃಷಣ ಚೀಲವನ್ನು ಕೆಳಕ್ಕೆ ಸರಿಸಿಕೊಳ್ಳಬೇಕು, ಇಲ್ಲವಾದರೆ ಅದರ ಸಡಿಲ ಚರ್ಮ ಕೊಳವೆಯೊಳಗೆ ಎಳೆದುಕೊಂಡು ಚುರುಕ್ಕೆನ್ನುತ್ತದೆ. ಈಗ ಎರಡು ಮೂರು ಸಲ ಪಂಪು ಒತ್ತಿ ನಿಲ್ಲಿಸಬೇಕು. ಅಂಗಾಂಶ ಹಿಗ್ಗಲು ಸ್ವಲ್ಪ ಸಮಯ ಕೊಟ್ಟು ಮತ್ತೆ ಎರಡು ಮೂರು ಸಲ ಒತ್ತಬೇಕು. ಒಂದೆರಡು ನಿಮಿಷದ ನಂತರ ವಾಲ್ವ್ ಒತ್ತಿ ಗಾಳಿ ಬಿಟ್ಟು, ಮತ್ತೆ ಮೂರು ನಾಲ್ಕು ನಿಮಿಷ ನಿಧಾನವಾಗಿ ಪಂಪು ಮಾಡಬೇಕು. ಒಂದೇ ಸಲ ಜೋರಾಗಿ ಎಳೆಯುವುದಕ್ಕಿಂತ ಹೀಗೆ ಎರಡು ಕಂತಿನಲ್ಲಿ ಮಾಡಿದರೆ ಕಡಿಮೆ ಎಳೆತದಲ್ಲೇ ಹೆಚ್ಚು ಗಡಸುತನ ಬರುತ್ತದೆ.

ಮೇಷ್ಟರು ಮೊದಲ ದಿನ ಒತ್ತುತ್ತಿದ್ದರೂ ಮೀಟರಿನ ಮುಳ್ಳು ಏರುತ್ತಿಲ್ಲ. ಏರಿದರೂ ತಕ್ಷಣ ಇಳಿಯುತ್ತದೆ. ಅವರು ಪಂಪಿನ ವೇಗ ಹೆಚ್ಚಿಸುತ್ತಾರೆ. ಇದ್ದಕ್ಕಿದ್ದಂತೆ ಅಂಚು ಕಚ್ಚಿಕೊಳ್ಳುತ್ತದೆ, ಮುಳ್ಳು ಒಂದೇ ನೆಗೆತಕ್ಕೆ ಮೇಲೇರುತ್ತದೆ. ಮರುದಿನ ಬೆಳಿಗ್ಗೆ ನೋಡಿದರೆ ಚರ್ಮದ ಮೇಲೆ ಗುಂಡುಸೂಜಿ ತಲೆಯಷ್ಟು ಚಿಕ್ಕ ಕೆಂಪು ಚುಕ್ಕಿಗಳು. ನೀಲಿಗಟ್ಟುವ ಪ್ರಕರಣಗಳು ಹುಟ್ಟುವುದು ಹೆಚ್ಚಾಗಿ ಹೀಗೆಯೇ. ಗಾಳಿ ಸೋರುತ್ತಿದ್ದರೆ ಉತ್ತರ ಇನ್ನಷ್ಟು ಪಂಪಲ್ಲ. ನಿಲ್ಲಿಸಿ, ಅಂಚಿನಡಿ ಕೂದಲು ಸಿಕ್ಕಿದೆಯೇ, ಜೆಲ್ ಸಾಲದಾಗಿದೆಯೇ, ಕೊಳವೆ ವಾಲಿದೆಯೇ ಎಂದು ನೋಡಿ ಮೊದಲಿನಿಂದ ಶುರು ಮಾಡಬೇಕು.

ನೀಲಿಗಟ್ಟುವುದು ಏಕೆ, ಎಷ್ಟಾದರೆ ಚಿಂತೆ

ಚರ್ಮದಡಿಯ ಲೋಮನಾಳಗಳ ಗೋಡೆ ಬಹಳ ತೆಳು. ಒಳಗೆ ರಕ್ತದ ಒತ್ತಡ ಇರುವಾಗಲೇ ಹೊರಗಿನ ಒತ್ತಡವನ್ನು ಸರಕ್ಕನೆ ಇಳಿಸಿದರೆ ಆ ಗೋಡೆ ಅಲ್ಲಲ್ಲಿ ಬಿರಿದು ರಕ್ತ ಚರ್ಮದೊಳಗೆ ಜಿನುಗುತ್ತದೆ. ಚುಕ್ಕಿಗಳಾಗುವುದು ಹೀಗೆ. ಸ್ವಲ್ಪ ದೊಡ್ಡ ನಾಳ ಒಡೆದರೆ ಹರಡಿಕೊಂಡ ನೀಲಿ ಕಲೆ ಕಾಣುತ್ತದೆ. ನಿಧಾನವಾಗಿ ಎಳೆದರೆ ನಾಳಗಳಿಗೆ ಹಿಗ್ಗಲು ಅವಕಾಶ ಸಿಗುವುದರಿಂದ ಇಷ್ಟು ಆಗುವುದಿಲ್ಲ. ಆಸ್ಪಿರಿನ್ ನುಂಗುವವರಲ್ಲಿ ಒಡೆದ ಜಾಗ ಬೇಗ ಮುಚ್ಚುವುದಿಲ್ಲ, ಆದ್ದರಿಂದ ಅಷ್ಟೇ ಎಳೆತಕ್ಕೆ ಕಲೆ ದೊಡ್ಡದಾಗುತ್ತದೆ. ಮೇಷ್ಟರಂಥವರು 100ರಿಂದ 150ರ ಆಸುಪಾಸಿನಲ್ಲೇ ಮುಗಿಸಿಕೊಳ್ಳುವುದು ಕ್ಷೇಮ.

ಚಿಕ್ಕ ಚುಕ್ಕಿಗಳು ಕೆಲವು ದಿನಗಳಲ್ಲಿ ತಾವಾಗಿಯೇ ಹೋಗುತ್ತವೆ. ನೀಲಿ ಕಲೆ ಹಸಿರಾಗಿ, ಹಳದಿಯಾಗಿ ಮಾಯಲು ಒಂದೆರಡು ವಾರ ಬೇಕಾಗಬಹುದು. ಅದು ಪೂರ್ತಿ ಹೋಗುವ ತನಕ ಪಂಪು ಮುಟ್ಟಬಾರದು. ಆದ ಕೂಡಲೇ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಇಟ್ಟರೆ ಊತ ಕಡಿಮೆಯಾಗುತ್ತದೆ. ತಿಕ್ಕುವುದು, ಬಿಸಿ ಶಾಖ ಕೊಡುವುದು ಬೇಡ, ಅದರಿಂದ ರಕ್ತ ಇನ್ನಷ್ಟು ಹರಡುತ್ತದೆ.

ಕಲೆ ನೋಡನೋಡುತ್ತಾ ದೊಡ್ಡದಾಗುತ್ತಿದ್ದರೆ, ಒಂದು ಕಡೆ ಗಡ್ಡೆಯಂತೆ ಉಬ್ಬಿದರೆ, ಚರ್ಮ ಬೊಬ್ಬೆಯೆದ್ದರೆ ಅಥವಾ ಒಡೆದರೆ, ಮೂತ್ರದಲ್ಲಿ ರಕ್ತ ಬಂದರೆ, ಅಥವಾ ನೋವು ಮರುದಿನಕ್ಕೂ ಇಳಿಯದಿದ್ದರೆ ಅದು ಮನೆಮದ್ದಿನ ವಿಷಯವಲ್ಲ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ಸರ್ಕಾರಿ ನೆಫ್ರೋ-ಯುರಾಲಜಿ ಸಂಸ್ಥೆಯಿರಲಿ, ಮನೆ ಹತ್ತಿರದ ಮೂತ್ರರೋಗ ತಜ್ಞರಿರಲಿ, ಅಂಥವರಿಗೇ ತೋರಿಸಬೇಕು. ಮೆಜೆಸ್ಟಿಕ್ ಸುತ್ತಲಿನ ಗೋಡೆಗಳ ಮೇಲೆ ಗುಪ್ತರೋಗ ಎಂದು ಬರೆಸಿಕೊಂಡವರ ಬಳಿ ಓಡುವುದರಿಂದ ಹಣದ ಜೊತೆಗೆ ಸಮಯವೂ ಹೋಗುತ್ತದೆ.

ಇನ್ನೊಂದು ಮಾತು. ಪಂಪಿನಿಂದ ಗಾತ್ರ ಶಾಶ್ವತವಾಗಿ ಹೆಚ್ಚುತ್ತದೆ ಎಂಬ ಜಾಹೀರಾತು ಸುಳ್ಳು. ಆಗ ಕಾಣುವುದು ರಕ್ತ ತುಂಬಿದ ಉಬ್ಬು, ರಕ್ತ ಇಳಿದರೆ ಅದೂ ಇಳಿಯುತ್ತದೆ. ದಿನವೂ ಗಂಟೆಗಟ್ಟಲೆ ಎಳೆದುಕೊಂಡು ಚರ್ಮ ಕಂದಿಸಿಕೊಳ್ಳುವವರಲ್ಲಿ ಈ ಆಸೆಗೆ ಬಿದ್ದವರೂ ಇದ್ದಾರೆ.

ರಿಂಗ್ ಹಾಕುವ ದಿನ

ಮೇಷ್ಟರ ಚುಕ್ಕಿಗಳು ಮಾಯವಾಗಿ, ರಿಂಗಿಲ್ಲದ ಅಭ್ಯಾಸ ಸರಿಯಾಗಿ ಕೈಗೆ ಹತ್ತಿದೆ ಎಂದಿಟ್ಟುಕೊಳ್ಳೋಣ. ಇದೆಲ್ಲ ಏನು, ಹೇಗಿರುತ್ತದೆ ಎಂದು ಹೆಂಡತಿಗೂ ಹೇಳಿದ್ದಾರೆ. ನೀಲಿಯಾಗಿ ತಣ್ಣಗಿರುವುದನ್ನು ಮುಂಚೆಯೇ ತಿಳಿಸದಿದ್ದರೆ ಅವರೂ ಗಾಬರಿಯಾಗುತ್ತಾರೆ. ಗಡಿಯಾರ ನೋಡುವ ಕೆಲಸವನ್ನು ಅವರು ವಹಿಸಿಕೊಂಡರೆ ಇನ್ನೂ ಒಳ್ಳೆಯದು.

ರಾತ್ರಿ 9 ಗಂಟೆ 30 ನಿಮಿಷ. ಪಂಪು ಶುರು ಮಾಡುವ ಮುಂಚೆಯೇ ಪೆಟ್ಟಿಗೆಯಲ್ಲಿರುವ ಶಂಕುವಿನಾಕಾರದ ತುಂಡಿನ ನೆರವಿನಿಂದ ರಿಂಗನ್ನು ಹಿಗ್ಗಿಸಿ ಕೊಳವೆಯ ಬಾಯಿಯ ಹೊರಭಾಗಕ್ಕೆ ಏರಿಸಿಟ್ಟುಕೊಂಡಿದ್ದಾರೆ. ಕೆಲವು ರಿಂಗುಗಳ ಒಳಗೆ ಒಂದು ಸಣ್ಣ ಕಚ್ಚು ಇರುತ್ತದೆ. ಅದು ಕೆಳಗಡೆಗೆ, ಮೂತ್ರನಾಳ ಇರುವ ಬದಿಗೆ ಬರಬೇಕು. ಎರಡು ಕಂತಿನ ಪಂಪು ಮುಗಿಯುವ ಹೊತ್ತಿಗೆ 9 ಗಂಟೆ 36 ನಿಮಿಷ. ಗಡಸುತನ ಸಾಕಷ್ಟಾಗಿದೆ. ಈಗ ರಿಂಗನ್ನು ಕೊಳವೆಯಿಂದ ಜಾರಿಸಿ ಶಿಶ್ನದ ಬುಡಕ್ಕೆ, ದೇಹಕ್ಕೆ ತಾಗಿಕೊಂಡಂತೆ ಕೂರಿಸುತ್ತಾರೆ. ವೃಷಣ ಚೀಲದ ಚರ್ಮ ಅದರಡಿ ಸಿಕ್ಕಿಲ್ಲ ಎಂದು ಬೆರಳಾಡಿಸಿ ನೋಡುತ್ತಾರೆ. ಆಮೇಲೆ ವಾಲ್ವ್ ಒತ್ತಿ ಗಾಳಿ ಬಿಟ್ಟು, ಎಳೆತ ಪೂರ್ತಿ ಇಳಿದ ಮೇಲೆಯೇ ಕೊಳವೆ ತೆಗೆಯುತ್ತಾರೆ. ಗಾಳಿ ಬಿಡದೆ ಕೊಳವೆಯನ್ನು ಕಿತ್ತರೆ ಚರ್ಮಕ್ಕೆ ಪೆಟ್ಟು.

ರಿಂಗು ಕೂತದ್ದು 9 ಗಂಟೆ 37 ನಿಮಿಷಕ್ಕೆ. ರಿಂಗು ಮೂವತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಇರಬಾರದು, ಆ ಲೆಕ್ಕ ಶುರುವಾಗುವುದು ಇಲ್ಲಿಂದಲೇ. ಸಂಭೋಗ ಶುರುವಾದಾಗಿನಿಂದ ಅಲ್ಲ, ಕೊಳವೆ ತೊಳೆದಿಟ್ಟು ಬಂದಾಗಿನಿಂದಲೂ ಅಲ್ಲ. ಮೊಬೈಲಿನಲ್ಲಿ 9 ಗಂಟೆ 57ಕ್ಕೆ ಒಂದು ಅಲಾರಂ ಇಟ್ಟುಕೊಂಡರೆ ಇನ್ನು ಹತ್ತು ನಿಮಿಷ ಉಳಿದಿದೆ ಎಂಬ ಎಚ್ಚರ ಸಿಗುತ್ತದೆ. 10 ಗಂಟೆ 7 ನಿಮಿಷಕ್ಕೆ ಏನೇ ಆಗಿರಲಿ, ಆಗದಿರಲಿ, ರಿಂಗು ಹೊರಗೆ ಬಂದಿರಬೇಕು.

ಕಾಂಡೋಮ್ ಬೇಕಿದ್ದರೆ ರಿಂಗು ಕೂತ ಮೇಲೆ ಹಾಕಿಕೊಳ್ಳಬೇಕು. ಬುಡ ವಾಲುವುದರಿಂದ ಆರಂಭದಲ್ಲಿ ಕೈ ಆಸರೆ ಕೊಡಬೇಕಾಗುತ್ತದೆ. ರಿಂಗು ಮೂತ್ರನಾಳವನ್ನೂ ಒತ್ತುವುದರಿಂದ ಸ್ಖಲನವಾದರೂ ವೀರ್ಯ ಹೊರಬಾರದೆ, ರಿಂಗು ತೆಗೆದ ಮೇಲೆ ಹರಿದು ಬರಬಹುದು. ಅದರಿಂದ ಹಾನಿಯಿಲ್ಲ. ಆದರೆ ಇದನ್ನು ಗರ್ಭನಿರೋಧಕ ಎಂದು ನಂಬಬಾರದು.

ತೆಗೆಯುವಾಗ ಎರಡೂ ಹಿಡಿಕೆಗಳನ್ನು ಹಿಡಿದು ಅಗಲಿಸಿ, ಒಂದು ಕ್ಷಣ ರಕ್ತ ಇಳಿಯಲು ಬಿಟ್ಟು, ಮುಂದಕ್ಕೆ ಜಾರಿಸಬೇಕು. ಮತ್ತೊಮ್ಮೆ ಹಾಕಬೇಕೆಂದರೆ ನಡುವೆ ಕನಿಷ್ಠ 60 ನಿಮಿಷದ ಬಿಡುವು ಇರಬೇಕು. ಮೇಷ್ಟರ ಲೆಕ್ಕದಲ್ಲಿ 11 ಗಂಟೆ 7 ನಿಮಿಷಕ್ಕೆ ಮೊದಲು ಇಲ್ಲ. ಸೋಪು ಮತ್ತು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಿದರೆ ಸಾಧನ ಶುಚಿ. ಕುದಿಸುವುದು ಬೇಡ.

ಮೂವತ್ತೇ ಏಕೆ

ಬೆರಳಿಗೆ ದಾರವನ್ನು ಬಿಗಿಯಾಗಿ ಸುತ್ತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುದಿ ಮೊದಲು ಕೆಂಪಾಗುತ್ತದೆ, ಆಮೇಲೆ ನೀಲಿ, ತಣ್ಣಗೆ, ಕೊನೆಗೆ ಜೋಮು. ರಿಂಗು ಮಾಡುವುದೂ ಅದನ್ನೇ. ಹೊರಹೋಗುವ ರಕ್ತವನ್ನು ತಡೆಯುವ ಬಿಗಿ ಒಳಬರುವ ಹೊಸ ರಕ್ತವನ್ನೂ ಬಹಳಷ್ಟು ತಡೆಯುತ್ತದೆ. ಮುಂದಿನ ಭಾಗದ ಅಂಗಾಂಶಕ್ಕೆ ಉಳಿದಿರುವುದು ಅಲ್ಲಿ ಸಿಕ್ಕಿಬಿದ್ದ ರಕ್ತದಲ್ಲಿನ ಆಮ್ಲಜನಕ ಮಾತ್ರ. ಆ ರಕ್ತದಲ್ಲಿ ಸಿರೆಯ ಪಾಲೂ ಇರುವುದರಿಂದ ದಾಸ್ತಾನು ಆರಂಭದಲ್ಲೇ ಕಡಿಮೆ. ನಿಮಿಷ ಕಳೆದಂತೆ ಆಮ್ಲಜನಕ ಕರಗಿ, ಇಂಗಾಲದ ಡೈಆಕ್ಸೈಡ್ ಏರಿ, ರಕ್ತ ಆಮ್ಲೀಯವಾಗುತ್ತಾ ಹೋಗುತ್ತದೆ. ಅರ್ಧ ಗಂಟೆಯ ಹೊತ್ತಿಗೆ ಅಂಗಾಂಶಕ್ಕೆ ಆಮ್ಲಜನಕದ ಕೊರತೆ ಸ್ಪಷ್ಟವಾಗಿರುತ್ತದೆ. ಅದಕ್ಕೇ ಮಿತಿಯನ್ನು ಅಲ್ಲಿಗೆ ನಿಲ್ಲಿಸಿದ್ದಾರೆ. ಅರವತ್ತು ನಿಮಿಷದ ಬಿಡುವು ಬೇಕಾಗುವುದೂ ಇದೇ ಕಾರಣಕ್ಕೆ, ಹೊಸ ರಕ್ತ ಹರಿದು ಅಂಗಾಂಶ ಚೇತರಿಸಿಕೊಳ್ಳಬೇಕು.

ಮೂವತ್ತು ನಿಮಿಷ ಎಂಬುದು ಗುರಿಯಲ್ಲ, ಮೇಲಿನ ಮಿತಿ. ಹದಿನೈದಕ್ಕೆ ಕೆಲಸ ಮುಗಿದರೆ ಹದಿನೈದಕ್ಕೇ ತೆಗೆಯಬೇಕು. ಮಿತಿ ಮೀರಿದರೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ: ಅಂಗಾಂಶ ಊದುತ್ತಾ ಹೋಗುವುದರಿಂದ ಅದೇ ರಿಂಗು ಇನ್ನಷ್ಟು ಬಿಗಿಯಾಗುತ್ತದೆ, ಬಿಗಿಯಾದಷ್ಟೂ ಊತ ಹೆಚ್ಚುತ್ತದೆ. ಗಂಟೆಗಳು ಕಳೆದರೆ ನರಗಳಿಗೆ, ಚರ್ಮಕ್ಕೆ, ಮೂತ್ರನಾಳಕ್ಕೆ ಮಾಯದ ಹಾನಿಯಾಗಬಹುದು.

ಗಡಿಯಾರ ನೋಡದೆ ಇರುವ ಪ್ರಸಂಗ ಎರಡು. ಒಂದು ನಿದ್ದೆ, ಇನ್ನೊಂದು ಮದ್ಯ. ರಿಂಗು ಹಾಕಿಕೊಂಡು ಕಣ್ಣು ಮುಚ್ಚಿದವರು ಬೆಳಿಗ್ಗೆ ಎಚ್ಚರವಾಗುವಾಗ ಗಂಟೆಗಳು ಕಳೆದಿರುತ್ತವೆ. ಕುಡಿದವರಿಗೆ ನೋವೂ ತಿಳಿಯುವುದಿಲ್ಲ, ಹೊತ್ತೂ ತಿಳಿಯುವುದಿಲ್ಲ. ಕುಡಿದ ರಾತ್ರಿ ಪಂಪು ಪೆಟ್ಟಿಗೆಯಲ್ಲೇ ಇರಬೇಕು. ನಿದ್ದೆ ಮಾತ್ರೆ ನುಂಗಿದ ರಾತ್ರಿಯೂ ಅಷ್ಟೇ.

ಮೂವತ್ತು ನಿಮಿಷ ಆಗುವ ಮುಂಚೆಯೂ ರಿಂಗನ್ನು ತೆಗೆಯಬೇಕಾಗಬಹುದು. ತುಸು ನೀಲಿ, ತುಸು ತಣ್ಣಗೆ ಇರುವುದು ಸಹಜ ಎಂದೆವಲ್ಲ, ಅದು ಕಡು ಕಪ್ಪಿಗೆ ಅಥವಾ ಬಿಳಿಚಿದ ಬಣ್ಣಕ್ಕೆ ತಿರುಗಿದರೆ, ಮಂಜಿನಂತೆ ತಣ್ಣಗಾದರೆ, ಮುಟ್ಟಿದ್ದು ತಿಳಿಯದಷ್ಟು ಮರಗಟ್ಟಿದರೆ, ಅಥವಾ ನೋವು ಏರುತ್ತಲೇ ಇದ್ದರೆ ಎಷ್ಟು ನಿಮಿಷವಾಗಿದೆ ಎಂದು ನೋಡುತ್ತಾ ಕೂರಬಾರದು. ಮುಂದಿನ ಸಲಕ್ಕೆ ಒಂದು ಅಳತೆ ದೊಡ್ಡ ರಿಂಗು.

ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ನಂತರ ಅಂಗಾಂಶಕ್ಕೆ ರಕ್ತ ಹರಿಯಲೆಂದು ಕೆಲವು ವೈದ್ಯರು ದಿನವೂ ಸ್ವಲ್ಪ ಹೊತ್ತು ಪಂಪು ಮಾಡಲು ಹೇಳುತ್ತಾರೆ. ಆ ವ್ಯಾಯಾಮಕ್ಕೆ ರಿಂಗು ಹಾಕುವುದಿಲ್ಲ. ಹೊಸ ರಕ್ತ ಬಂದುಹೋಗಲಿ ಎಂಬುದೇ ಅದರ ಉದ್ದೇಶ, ರಿಂಗು ಹಾಕಿದರೆ ಆ ಉದ್ದೇಶಕ್ಕೇ ಅಡ್ಡಿ.

ರಿಂಗು ಬರಲಿಲ್ಲವೆಂದರೆ

ಮೊದಲು ರಿಂಗಿನ ಸುತ್ತ ಜೆಲ್ ಧಾರಾಳವಾಗಿ ಸುರಿದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಶಿಶ್ನಕ್ಕೆ ಕೆಲವು ನಿಮಿಷ ಹಿಡಿದು ಊತ ಇಳಿಸಲು ನೋಡಬೇಕು. ಜೆಲ್ ಮುಗಿದಿದ್ದರೆ ಈಗ ಕೊಬ್ಬರಿ ಎಣ್ಣೆಯೂ ಆದೀತು, ಈ ಹೊತ್ತಿನಲ್ಲಿ ರಬ್ಬರ್ ಹಾಳಾಗುವ ಚಿಂತೆ ಯಾರಿಗೆ ಬೇಕು. ಹಿಡಿಕೆಗಳನ್ನು ಅಗಲಿಸಿ ಹಿಡಿದುಕೊಂಡರೆ ರಿಂಗು ಹೊರಬರುವ ಮುಂಚೆಯೇ ರಕ್ತ ಇಳಿಯತೊಡಗುತ್ತದೆ. ಆಮೇಲೆ ನಿಧಾನವಾಗಿ ಜಾರಿಸಬೇಕು. ಬ್ಲೇಡು, ಚಾಕು, ಅಡುಗೆಮನೆಯ ಕತ್ತರಿ ಹಿಡಿದು ಚರ್ಮದ ಪಕ್ಕ ಕತ್ತರಿಸಲು ಹೋಗಬಾರದು. ಊದಿದ ಚರ್ಮ ರಿಂಗಿನ ಮೇಲೆ ಮಡಚಿಕೊಂಡಿರುವುದರಿಂದ ಯಾವುದು ರಬ್ಬರ್, ಯಾವುದು ಚರ್ಮ ಎಂದು ತಿಳಿಯುವುದಿಲ್ಲ.

ಹೀಗೆ ಒಂದು ಸಲ ಪ್ರಯತ್ನಿಸಿ ಬರದಿದ್ದರೆ ತಡಮಾಡದೆ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಬೇಕು. ರಿಂಗು ಬಂದ ಮೇಲೂ ನಿಮಿರುವಿಕೆ ಇಳಿಯದೆ ನಾಲ್ಕು ಗಂಟೆ ಕಳೆದರೆ ಅದೂ ತುರ್ತು ಸ್ಥಿತಿಯೇ. ನಾಚಿಕೆಯಿಂದ ಬೆಳಗಾಗಲಿ ಎಂದು ಕಾದಷ್ಟೂ ಹಾನಿ ಬಲಿಯುತ್ತದೆ. ಕಿಟಕಿಯ ಬಳಿ ಎಲ್ಲರೆದುರು ವಿವರ ಹೇಳಲು ಕಷ್ಟವಾದರೆ "ಮೂತ್ರಾಂಗಕ್ಕೆ ರಿಂಗ್ ಸಿಕ್ಕಿಕೊಂಡಿದೆ, ರಕ್ತ ಓಡುತ್ತಿಲ್ಲ" ಎಂದು ಚೀಟಿಯಲ್ಲಿ ಬರೆದುಕೊಟ್ಟರೂ ಸಾಕು. ಅದರ ಕೆಳಗೆ ರಿಂಗು ಹಾಕಿದ ಸಮಯ, ಅದು ರಬ್ಬರಿನದೋ ಲೋಹದ್ದೋ ಎಂಬುದು, ನುಂಗುವ ರಕ್ತ ತೆಳುಗೊಳಿಸುವ ಮಾತ್ರೆಗಳ ಹೆಸರು, ಇಷ್ಟನ್ನು ಸೇರಿಸಬೇಕು. ಯಾವ ಕತ್ತರಿ ತರಬೇಕು, ಎಷ್ಟು ಅವಸರ ಮಾಡಬೇಕು ಎಂದು ವೈದ್ಯರು ತೀರ್ಮಾನಿಸುವುದು ಆ ವಿವರಗಳ ಮೇಲೆಯೇ.